ಲೇಬಲ್ಲಿನಾಚೆಯ ಒಂದು ವಾಕ್ಯ

ನಾನು ಅನುಮಾನದ ಪ್ರಾಣಿ. ಅಂಗಡಿಯವನು ಒಂದು ಟೊಮೇಟೊ ಹೆಚ್ಚಿಗೆ ಹಾಕಿದರೆ ಅದು ಕೊಳೆತಿರಬೇಕು ಎಂದು ತಿರುಗಿಸಿ ನೋಡುವವಳು. ದಾವಣಗೆರೆಯಲ್ಲಿ ಬಿ.ಫಾರ್ಮ ಓದುವಾಗ ಹಾಸ್ಟೆಲಿನ ಗೆಳತಿಯರು ನನ್ನನ್ನು ಸಿ.ಐ.ಡಿ. ಎನ್ನುತ್ತಿದ್ದರು. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ಆ ಬಿರುದು ಗಂಡನ ಬಾಯಿಗೆ ಬಂತು. ಹಾಗಾಗಿ ಇಲ್ಲಿ ನಾನು ಯಾರ್ಯಾರನ್ನು ಅನುಮಾನಿಸಿದೆ ಎಂದು ಹೇಳುವಾಗ ಓದುವವರು ನನ್ನ ಮೇಲೂ ಒಂದು ಕಣ್ಣಿಟ್ಟಿರಲಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಂಟು ವರ್ಷ ಒಂದು ಔಷಧ ಕಂಪನಿಯಲ್ಲಿ ರೆಪ್ ಆಗಿದ್ದೆ. ಊರಿನಲ್ಲಿ ಮೆಡಿಕಲ್ ರೆಪ್ ಎಂದರೆ ಬೈಕು, ಟೈ, ಬೆವರು. ಇಲ್ಲಿ ಕಾರು ಕಂಪನಿಯದು, ಬೆವರು ನಮ್ಮದೇ. ನನ್ನ ಟೆರಿಟರಿ ಕಾನ್‌ಕರ್ಡ್‌ನಿಂದ ಶುರುವಾಗಿ ವಾಲ್ನಟ್ ಕ್ರೀಕ್, ಡ್ಯಾನ್‌ವಿಲ್ ಹಾದು ಫ್ರೀವೇ ಉದ್ದಕ್ಕೂ ಸ್ಯಾನ್ ರಮೋನ್‌ವರೆಗೆ. ಯಾವ ಕ್ಲಿನಿಕ್ಕಿನ ರಿಸೆಪ್ಷನಿಸ್ಟಿಗೆ ಯಾವ ವಾರ ಸಿಟ್ಟಿರುತ್ತದೆ, ಯಾವ ಡಾಕ್ಟರು ನಿಂತೇ ಮಾತಾಡಿಸಿ ಕಳಿಸುತ್ತಾರೆ, ಯಾರು ಸ್ಯಾಂಪಲ್ ಮಾತ್ರೆಗಳಿಗೆ ಸಹಿ ಹಾಕುವ ಮುಂಚೆ ಕನ್ನಡಕ ಹುಡುಕುತ್ತಾರೆ, ಎಲ್ಲ ನನಗೆ ಬಾಯಿಪಾಠ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತದ ಕೊಬ್ಬು: ಇವು ನನ್ನ ವಿಭಾಗ. ಒಂದು ಬೆಳಿಗ್ಗೆ ವಿಡಿಯೊ ಮೀಟಿಂಗಿಗೆ ಕರೆದರು. ಹತ್ತು ನಿಮಿಷದಲ್ಲಿ ನಮ್ಮ ಇಡೀ ತಂಡವೇ ಇಲ್ಲವಾಯಿತು. ಮ್ಯಾನೇಜರಿನ ಮುಖ ಅಷ್ಟು ಸಪ್ಪಗಿತ್ತೆಂದರೆ, ಅವನದೂ ಹೋಗಿದೆ ಎಂದು ನನಗೆ ಆಗಲೇ ಅನುಮಾನ ಬಂತು. ಹೋಗಿತ್ತು.

ಕೆಲಸ ಹೋದದ್ದಕ್ಕಿಂತ ದೊಡ್ಡ ಸಂಕಟ ಇನ್ಶೂರೆನ್ಸಿನದು. ಇಲ್ಲಿ ಆಸ್ಪತ್ರೆ ಖರ್ಚಿನ ಇನ್ಶೂರೆನ್ಸು ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆಯೇ ಹೋಗುತ್ತದೆ. ಗಂಡನದು ಕಾಂಟ್ರಾಕ್ಟ್ ಕೆಲಸ, ಮನೆಮಂದಿಯ ಇನ್ಶೂರೆನ್ಸು ಪೂರ್ತಿ ನನ್ನ ಹೆಸರಿನಲ್ಲಿ. ಅವರ ಹೃದಯಕ್ಕೆ ಸ್ಟೆಂಟ್ ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಬೇರೆ ದಾರಿಗಳಿಲ್ಲ ಎಂದಲ್ಲ, ಇದ್ದವೆಲ್ಲ ಕೈ ಸುಡುವಂಥವು. ಇವರು ಮಾತ್ರ ಸೋಫಾದಲ್ಲಿ ಕೂತು, "ಏನೂ ಆಗಲ್ಲ ಬಿಡೆ, ನಾನು ಗಟ್ಟಿ ಇದೀನಿ" ಎನ್ನುತ್ತಿದ್ದರು. ಗಟ್ಟಿ ಇರುವವರು ಮೆಟ್ಟಿಲು ಹತ್ತಿ ಬಂದು ಬಾಗಿಲ ಹತ್ತಿರ ಸುಮ್ಮನೆ ಫೋನ್ ನೋಡುವ ನಾಟಕ ಯಾಕೆ ಮಾಡುತ್ತಾರೆ? ಸುಧಾರಿಸಿಕೊಳ್ಳಲಿಕ್ಕೆ. ನನಗೆ ಗೊತ್ತಾಗುವುದಿಲ್ಲವೇ!

ಅಷ್ಟರಲ್ಲಿ ಅದೇ ಟೆರಿಟರಿಗೆ ಇನ್ನೊಂದು ಕಂಪನಿ ರೆಪ್ ಹುಡುಕುತ್ತಿದೆ ಎಂದು ಸುದ್ದಿ ಬಂತು. ನನ್ನದೇ ರಸ್ತೆ, ನನ್ನವೇ ಕ್ಲಿನಿಕ್ಕುಗಳು. ಇಂಟರ್‌ವ್ಯೂನ ಮೊದಲ ಎರಡು ಸುತ್ತು ಫೋನಿನಲ್ಲೇ ಮುಗಿದವು. ಕೊನೆಯ ಸುತ್ತಿಗೆ ವಾಲ್ನಟ್ ಕ್ರೀಕಿನ ಅವರ ಆಫೀಸಿಗೆ ಬನ್ನಿ, ಬ್ರ್ಯಾಗ್ ಬುಕ್ ತನ್ನಿ ಎಂದರು.

ಈ ಬ್ರ್ಯಾಗ್ ಬುಕ್ ನಮ್ಮ ಕಸುಬಿನ ಒಂದು ವಿಚಿತ್ರ ಪದ್ಧತಿ. ಹೆಸರೇ ಹೇಳುವಂತೆ, ನಮ್ಮನ್ನು ನಾವೇ ಹೊಗಳಿಕೊಂಡು ಜೋಡಿಸಿದ ಫೈಲು. ಯಾವ ಕಾಯಿಲೆಗಳ ವಿಭಾಗದಲ್ಲಿ ಕೆಲಸ ಮಾಡಿದೆ, ಯಾವ ಊರುಗಳನ್ನು ಸುತ್ತಿದೆ, ಯಾವ ವರ್ಷ ಮಾರಾಟದಲ್ಲಿ ಎಷ್ಟನೆಯ ರ್‍ಯಾಂಕು, ಏನು ಪ್ರಶಸ್ತಿ, ಮ್ಯಾನೇಜರು ಏನು ಬರೆದರು, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಗಳಲ್ಲಿ ಸೇರಿಸಿ ಇಂಟರ್‌ವ್ಯೂ ಮಾಡುವವರ ಮುಂದೆ ಪುಟ ತಿರುಗಿಸಬೇಕು. ನಮ್ಮೂರಲ್ಲಿ ಹೀಗೆ ಯಾರಾದರೂ ಮಾಡಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಇಲ್ಲಿ ಮಾಡದಿದ್ದರೆ ಹಾಗನ್ನುತ್ತಾರೆ.

ನಾನು ಎರಡು ದಿನ ಕೂತು ಜೋಡಿಸಿದೆ. ನಮ್ಮ ಮಾತ್ರೆ ಎದುರಾಳಿಯ ಮಾತ್ರೆಗಿಂತ ಹೇಗೆ ಮೇಲು ಎಂದು ಡಾಕ್ಟರುಗಳನ್ನು ಒಪ್ಪಿಸಿದೆ ಎಂದು ಒಂದು ಪುಟ. ಯಾವ ಡಾಕ್ಟರು ನಮ್ಮ ಮಾತ್ರೆಯನ್ನು ರೋಗಿಗಳಿಗೆ ಮೊದಲು ಎಷ್ಟು ಬರೆದುಕೊಡುತ್ತಿದ್ದರು, ನಾನು ಹೋದ ಮೇಲೆ ಎಷ್ಟು ಬರೆದರು ಎಂದು ಬಣ್ಣ ಬಣ್ಣದ ಗೆರೆಗಳು. ಕೊನೆಯಲ್ಲಿ, ಎಲ್ಲಕ್ಕೂ ಕಿರೀಟವಿಟ್ಟಂತೆ, ಒಂದು ಪತ್ರ. ಡ್ಯಾನ್‌ವಿಲ್‌ನ ಒಬ್ಬ ವಯಸ್ಸಾದ ಡಾಕ್ಟರು ಸ್ವಂತ ಕೈಬರಹದಲ್ಲಿ ನನಗೆ ಬರೆದ ಕೃತಜ್ಞತೆ. ಈ ದೇಶದಲ್ಲಿ ರೆಪ್‌ಗೆ ಡಾಕ್ಟರು ಪತ್ರ ಬರೆಯುವುದೆಂದರೆ ಸಣ್ಣ ಮಾತಲ್ಲ.

ಫೈಲೇನೋ ಆಯಿತು, ನನ್ನ ಬಗ್ಗೆ ಹೇಳಬಲ್ಲವರೆಂದು ರೆಫರೆನ್ಸಿಗೆ ಯಾರ ಹೆಸರು ಕೊಡುವುದು? ಹಳೆ ಕಂಪನಿಯವರು ಸೇರಿದ ತಾರೀಖು, ಬಿಟ್ಟ ತಾರೀಖು ಬಿಟ್ಟರೆ ಇನ್ನೊಂದು ಅಕ್ಷರ ಹೇಳುವುದಿಲ್ಲ. ಮ್ಯಾನೇಜರ್ ಬೇರೆ ರಾಜ್ಯಕ್ಕೆ ಹೋಗಿ ಫೋನೇ ಎತ್ತುತ್ತಿರಲಿಲ್ಲ. ಆಗ ನೆನಪಾದವರು ಒಬ್ಬರೇ.

ಅವರು ಉಡುಪಿ ಕಡೆಯವರು. ನಮ್ಮ ಕಂಪನಿಯ ಕಂಪ್ಲಯನ್ಸ್ ವಿಭಾಗದಲ್ಲಿದ್ದರು. ಅಂದರೆ ನಾವು ಕಾನೂನು ಮೀರಿ ಏನಾದರೂ ಬೊಗಳುತ್ತೇವೆಯೇ ಎಂದು ಕಾಯುವ ಕೆಲಸ. ಒಂದು ವರ್ಷ ಅವರು ಇಡೀ ದಿನ ನನ್ನ ಕಾರಿನಲ್ಲಿ ಪಕ್ಕದಲ್ಲಿ ಕೂತು, ನಾನು ಕ್ಲಿನಿಕ್ಕುಗಳಲ್ಲಿ ಆಡಿದ ಮಾತನ್ನೆಲ್ಲ ಕೇಳಿಸಿಕೊಂಡು, ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಮಧ್ಯಾಹ್ನ ನಾನು ಮೊಸರನ್ನದ ಡಬ್ಬಿ ಮುಂದೆ ಹಿಡಿದರೆ, "ಬೇಡ ಮಾರಾಯ್ರೆ, ನಾಳೆ ರಿಪೋರ್ಟ್ ಬರೀಲಿಕ್ಕುಂಟು, ನಿಮ್ಮ ಊಟ ಮಾಡಿ ಬರೆದ್ರೆ ಸರಿ ಕಾಣುದಿಲ್ಲ" ಎಂದಿದ್ದರು. ಅವತ್ತು ನನಗೆ ಬಂದ ಸಿಟ್ಟು! ಮೊಸರನ್ನಕ್ಕೆ ಲಂಚದ ಪಟ್ಟ ಕಟ್ಟಿದ ಮನುಷ್ಯ ಇಡೀ ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು. ರಿಪೋರ್ಟಿನಲ್ಲಿ ಮಾತ್ರ ನನ್ನ ಬಗ್ಗೆ ಒಂದೂ ತಪ್ಪು ಬರೆದಿರಲಿಲ್ಲ. ಅದು ಯಾಕೆ ಎಂದೂ ನಾನು ಬಹಳ ದಿನ ಅನುಮಾನಿಸಿದ್ದೆ.

ಈಗ ರಿಟೈರಾಗಿ ಡ್ಯಾನ್‌ವಿಲ್‌ನಲ್ಲಿ ಮಗನ ಮನೆಯಲ್ಲಿದ್ದರು. ಫೋನ್ ಮಾಡಿದೆ. "ಫೈಲು ತಗೊಂಡು ಬನ್ನಿ. ನೋಡದೆ ನಾನು ಯಾರಿಗೂ ಹೆಸರು ಕೊಡುದಿಲ್ಲ" ಎಂದರು. ಶನಿವಾರ ಬೆಳಿಗ್ಗೆ ಹೋದೆ.

ಊಟದ ಮೇಜಿನ ಮೇಲೆ ನನ್ನ ಫೈಲು ತೆರೆದು, ಕೆಂಪು ಪೆನ್ನು ಹಿಡಿದು ಕೂತರು. ಮೊದಲ ಪುಟದಲ್ಲೇ ಒಂದು ಗೆರೆ ಎಳೆದರು.

"ಇದೆಂತದು? ಎದುರಿನವರ ಮಾತ್ರೆಗಿಂತ ಸೇಫ್ ಅಂತ?"

"ಹೌದಲ್ವಾ ಸರ್, ಎಲ್ಲರೂ ಹಾಗೇ ಹೇಳ್ತಿದ್ರು."

"ಎರಡನ್ನೂ ಎದುರುಬದುರು ಇಟ್ಟು ಪರೀಕ್ಷೆ ಮಾಡಿದ್ದು ಉಂಟಾ?"

"ಇಲ್ಲ."

"ಹಾಗಾದ್ರೆ ನೀವು ಹೇಳುವ ಹಾಗಿಲ್ಲ. ಕ್ಲಿನಿಕ್ಕಲ್ಲೂ ಇಲ್ಲ, ಇಲ್ಲೂ ಇಲ್ಲ. ನಿಮ್ಮ ಫೈಲು ನಿಮ್ಮ ಬಗ್ಗೆ ಹೇಳ್ಬೇಕು, ಮಾತ್ರೆ ಬಗ್ಗೆ ಅಲ್ಲ."

ಮುಂದಿನ ಪುಟದ ಬಣ್ಣದ ಗೆರೆಗಳನ್ನು ನೋಡಿ ಅವರು ನಿಜವಾಗಲೂ ಕುರ್ಚಿಯಿಂದ ಹಿಂದೆ ಸರಿದರು. ಯಾವ ಡಾಕ್ಟರು ಎಷ್ಟು ಬರೆದರು ಎನ್ನುವುದು ಹಳೆ ಕಂಪನಿಯ ಗುಟ್ಟಿನ ಮಾಹಿತಿ. ಅದನ್ನು ಹೊಸ ಕಂಪನಿಗೆ ಒಯ್ದು ತೋರಿಸಿದರೆ, ನಾಳೆ ನಮ್ಮ ಗುಟ್ಟನ್ನೂ ಇವಳು ಹೀಗೆಯೇ ಒಯ್ಯುತ್ತಾಳೆ ಎಂದು ಅವರಿಗೇ ಅನಿಸುತ್ತದೆ ಎಂದರು. ಪುಟ ಪುಟವೇ ಹೊರಗೆ ಬಂತು. ಅದರ ಜಾಗದಲ್ಲಿ ಅವರು ಬರೆಸಿದ್ದು ಎಂಥ ಸಪ್ಪೆ ವಾಕ್ಯಗಳು! ವಿಭಾಗ: ಸಕ್ಕರೆ ಕಾಯಿಲೆ ಮತ್ತು ಹೃದಯ ಸಂಬಂಧಿ. ವ್ಯಾಪ್ತಿ: ಈ ಊರಿನಿಂದ ಆ ಊರಿನವರೆಗೆ, ಇಷ್ಟು ಕ್ಲಿನಿಕ್ಕುಗಳು, ಫ್ಯಾಮಿಲಿ ಡಾಕ್ಟರುಗಳು ಮತ್ತು ಸಕ್ಕರೆ ಕಾಯಿಲೆಯ ತಜ್ಞರು. ಎರಡು ಹೊಸ ಔಷಧಗಳ ಬಿಡುಗಡೆಯಲ್ಲಿ ಭಾಗಿ. ಒಂದು ವರ್ಷ ನಮ್ಮ ವಲಯದಲ್ಲಿ ಹತ್ತೊಂಬತ್ತರಿಂದ ಮೂರನೆಯ ಸ್ಥಾನಕ್ಕೆ. ಹೊಸಬರಿಬ್ಬರಿಗೆ ತರಬೇತಿ. ಔಷಧ ಏನು ಮಾಡುತ್ತದೆ ಎನ್ನುವ ಒಂದು ಮಾತೂ ಇಲ್ಲ.

"ಸರ್, ಇದು ಪಾಸ್‌ಪೋರ್ಟ್ ಅರ್ಜಿ ಥರ ಇದೆ."

"ಇರ್ಲಿ. ಪಾಸ್‌ಪೋರ್ಟ್ ಸಿಕ್ಕಿದ್ರೆ ಸಾಕಲ್ವಾ?"

ಕೊನೆಗೆ ಪತ್ರ ಬಂತು. ನಾನು ಹೆಮ್ಮೆಯಿಂದ ಕಾಯುತ್ತಿದ್ದೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಪೆನ್ನು ಕೆಳಗಿಟ್ಟರು. ಪತ್ರದಲ್ಲಿ ಆ ಡಾಕ್ಟರು, ನಿಮ್ಮೊಂದಿಗೆ ಮಾತಾಡಿದ ಮೇಲೆ ನಾನು ನಿಮ್ಮ ಮಾತ್ರೆಯನ್ನು ಲಿವರಿನಲ್ಲಿ ಕೊಬ್ಬು ಸೇರಿದವರಿಗೂ ಕೊಡಲು ಶುರುಮಾಡಿದೆ, ಥ್ಯಾಂಕ್ಸ್ ಎಂದು ಬರೆದಿದ್ದರು.

ನಮ್ಮದು ಸಕ್ಕರೆ ಕಾಯಿಲೆಯ ಮಾತ್ರೆ. ಸರ್ಕಾರ ಒಪ್ಪಿಗೆ ಕೊಟ್ಟ ಲೇಬಲ್ಲಿನಲ್ಲಿ ಇರುವುದು ಅದೊಂದೇ ಕಾಯಿಲೆ. ಅದರಾಚೆಗೂ ಡಾಕ್ಟರು ತಮ್ಮ ತಿಳಿವಳಿಕೆಯ ಮೇಲೆ ಬರೆದುಕೊಡಬಹುದು, ಅದು ಅವರ ಹಕ್ಕು. ಆದರೆ ರೆಪ್ ಆದವಳು ಅದರ ಬಗ್ಗೆ ಬಾಯಿ ಬಿಡುವಂತಿಲ್ಲ. ಡಾಕ್ಟರೇ ಕೇಳಿದರೂ, ಅದು ನಾನು ಮಾತಾಡುವ ವಿಷಯವಲ್ಲ, ನಿಮ್ಮ ಪ್ರಶ್ನೆಯನ್ನು ಕಂಪನಿಯ ವೈದ್ಯಕೀಯ ಮಾಹಿತಿ ವಿಭಾಗಕ್ಕೆ ಕಳಿಸುತ್ತೇನೆ, ಅವರೇ ನೇರವಾಗಿ ಉತ್ತರಿಸುತ್ತಾರೆ ಎಂದು ಹೇಳಿ ಅರ್ಜಿ ತುಂಬಿಸಿಕೊಂಡು ಬರಬೇಕು. ಕಂಪನಿಯವರು ಇದನ್ನು ಇಷ್ಟು ವರ್ಷ ಓದಿಸಿ, ಪರೀಕ್ಷೆ ಮಾಡಿ, ಸಹಿ ಹಾಕಿಸಿಕೊಂಡಿದ್ದರು. ಆದರೂ ನಾನು ಆ ಪತ್ರವನ್ನು ಮೆಡಲಿನಂತೆ ಫೈಲಿಗೆ ಹಾಕಿದ್ದೆ. ಅದರಲ್ಲಿ ನನಗೆ ಕಂಡದ್ದು 'ಥ್ಯಾಂಕ್ಸ್' ಮಾತ್ರ.

"ನೀವು ಅವರಿಗೆ ಎಂತ ಹೇಳಿದ್ರಿ?" ಎಂದರು.

"ಏನೂ ಹೇಳ್ಲಿಲ್ಲ ಸರ್. ಅವರೇ ಕೇಳಿದ್ರು. ನಾನು ಅದರ ಬಗ್ಗೆ ಬಾಯಿ ಬಿಡ್ಲಿಲ್ಲ. ಅವರೇ ಎಲ್ಲೋ ಓದಿ ಶುರು ಮಾಡಿರ್ಬೇಕು."

"ಅದರ ಬಗ್ಗೆ ಒಂದು ಶಬ್ದವೂ ಹೇಳ್ಲಿಲ್ಲ?"

"ಇಲ್ಲ ಅಂದ್ನಲ್ಲ ಸರ್!" ನನ್ನ ದನಿ ಏರಿತು. ನನ್ನನ್ನೇ ಅನುಮಾನಿಸುವುದೇ? ಅವರು ಪತ್ರವನ್ನು ಮಡಿಸಿ ನನ್ನ ಕೈಗೆ ಕೊಟ್ಟರು. "ಇದನ್ನು ಯಾರಿಗೂ ತೋರಿಸ್ಬೇಡಿ. ನಿಮಗೂ ಒಳ್ಳೇದಲ್ಲ, ಆ ಡಾಕ್ಟರಿಗೂ ಒಳ್ಳೇದಲ್ಲ."

ಅಷ್ಟರಲ್ಲಿ ಅವರ ಸೊಸೆ ಕಾಫಿ ತಂದಳು. ಮಂಗಳೂರಿನ ಹುಡುಗಿ, ನಗುಮುಖ. ಲೋಟ ಇಡಲು ಜಾಗ ಮಾಡುತ್ತ ಅವಳು ಮೇಜಿನ ತುದಿಯಲ್ಲಿದ್ದ ಒಂದು ಕಪ್ಪು ಫೈಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅದರ ಬೆನ್ನಿನ ಮೇಲೆ ಅವಳ ಹೆಸರು, ಪಕ್ಕದಲ್ಲಿ ಬಣ್ಣದ ಚೀಟಿಗಳು. ನನ್ನ ಕಣ್ಣು ಅಲ್ಲೇ ನೆಟ್ಟಿತು. ಬ್ರ್ಯಾಗ್ ಬುಕ್ಕನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ನೀವೂ ರೆಪ್ಪಾ?" ಎಂದೆ.

"ಹೌದು ಅಕ್ಕಾ, ಸ್ಯಾಕ್ರಮೆಂಟೊ ಕಡೆ ಮಾಡ್ತಿದ್ದೆ. ಈಗ ಇಲ್ಲೇ ಹತ್ರ ಒಂದು ಟೆರಿಟರಿಗೆ ನೋಡ್ತಾ ಇದ್ದೇನೆ. ಮುಂದಿನ ವಾರ ಫೈನಲ್ ರೌಂಡ್ ಉಂಟು."

ನನ್ನದೂ ಮುಂದಿನ ವಾರವೇ. ಇಲ್ಲೇ ಹತ್ತಿರ. ನಾನು ಕಾಫಿ ಲೋಟ ಕೆಳಗಿಟ್ಟೆ. ಅವಳ ಮಾವನವರು ಏನೂ ನಡೆದೇ ಇಲ್ಲ ಎನ್ನುವಂತೆ ಚಕ್ಕುಲಿ ಮುರಿಯುತ್ತಿದ್ದರು. ಓಹೋ, ಹೀಗೋ ಸಮಾಚಾರ! ನನ್ನ ಫೈಲಿನ ಒಳ್ಳೆಯ ಪುಟಗಳೆಲ್ಲ ಕೆಂಪು ಶಾಯಿಯಲ್ಲಿ ಬಿದ್ದು ಒದ್ದಾಡುತ್ತಿರುವುದು ಯಾಕೆ ಎಂದು ಆಗ ಹೊಳೆಯಿತು. ಎದುರಾಳಿಯ ಹಲ್ಲು ಕಿತ್ತು ಕಳಿಸುವ ಉಪಾಯ!

ಮನೆಗೆ ಬಂದು ಗಂಡನ ಮುಂದೆ ಕುದಿದೆ. "ನೋಡಿದ್ರಾ? ಸೊಸೆಗೆ ಕೆಲಸ ಸಿಗಲಿ ಅಂತ ನನ್ನ ಫೈಲನ್ನ ಬೋಳಿಸಿ ಕಳಿಸಿದಾರೆ!"

ಇವರು ನಗುತ್ತ, "ನಿಂಗೆ ದೇವಸ್ಥಾನದ ತೀರ್ಥದ ಮೇಲೂ ಅನುಮಾನ. ಅವರು ಹೇಳಿದ್ದು ತಪ್ಪಾ ಸರೀನಾ, ಅದನ್ನ ಹೇಳು" ಎಂದರು.

ತಪ್ಪಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ಒಂದೊಂದು ಗೆರೆಯನ್ನೂ ಮತ್ತೆ ನೋಡಿದೆ. ಒಂದಾದರೂ ಸುಮ್ಮನೆ ಎಳೆದದ್ದು ಸಿಗಲಿ ಎಂದು ಹುಡುಕಿದೆ, ಸಿಗಲಿಲ್ಲ. ನಾನು ಅವರ ಜಾಗದಲ್ಲಿದ್ದರೆ ಅಷ್ಟನ್ನೇ ಹೊಡೆದುಹಾಕುತ್ತಿದ್ದೆ.

ಆದರೆ ನಾನು ಇನ್ನೊಂದು ವಿಷಯ ಹೇಳಬೇಕು, ಅದನ್ನು ಗಂಡನಿಗೂ ಹೇಳಿರಲಿಲ್ಲ. ಡಾಕ್ಟರು ಕೇಳಿದಾಗ ನಾನು ಸುಮ್ಮನಿರಲಿಲ್ಲ. ಆ ದಿನ ಚೆನ್ನಾಗಿ ನೆನಪಿದೆ. ಮಧ್ಯಾಹ್ನ, ಕ್ಲಿನಿಕ್ಕಿನ ಹಿಂದಿನ ಸಣ್ಣ ಕೋಣೆ, ಅವರು ಸ್ಯಾಂಪಲ್ಲಿಗೆ ಸಹಿ ಹಾಕುತ್ತ ತಲೆ ಎತ್ತದೆ, ಇದು ಲಿವರಿನ ಕೊಬ್ಬಿಗೂ ಉಪಯೋಗವೇ ಎಂದು ಕೇಳಿದರು. ನನ್ನ ರ್‍ಯಾಂಕು ಆಗ ಹತ್ತೊಂಬತ್ತು. ಮ್ಯಾನೇಜರಿನಿಂದ ದಿನವೂ ಫೋನು. ಅರ್ಜಿ ನನ್ನ ಬ್ಯಾಗಿನಲ್ಲೇ ಇತ್ತು. ನಾನು ಹೇಳಿದ್ದು ಒಂದೇ ವಾಕ್ಯ: "ಕಾನ್‌ಕರ್ಡ್‌ನಲ್ಲಿ ಒಬ್ಬ ಡಾಕ್ಟರು ಅದಕ್ಕೂ ಕೊಡುತ್ತಿದ್ದಾರೆ, ಅವರಿಗೆ ಸಮಾಧಾನವಿದೆ." ಅಷ್ಟೇ. ಡಾಕ್ಟರು ಹೌದಾ ಎಂದರು, ಸಹಿ ಮುಗಿಸಿದರು. ಅವರದು ದೊಡ್ಡ ಕ್ಲಿನಿಕ್ಕು, ಜೊತೆಗೆ ನಾಲ್ಕು ಜನ ಡಾಕ್ಟರುಗಳು. ಆ ವರ್ಷದ ಕೊನೆಗೆ ನಾನು ಮೂರನೆಯ ಸ್ಥಾನದಲ್ಲಿದ್ದೆ.

ಅಷ್ಟು ವರ್ಷ ನಾನು ಅದನ್ನು ನನ್ನ ದುಡಿಮೆ ಎಂದೇ ನಂಬಿದ್ದೆ. ದುಡಿದಿದ್ದೆನಲ್ಲ! ಸ್ಯಾನ್ ರಮೋನ್‌ನ ಎರಡು ಹೊಸ ಕ್ಲಿನಿಕ್ಕುಗಳ ಬಾಗಿಲು ತೆರೆಸಿದ್ದೆ, ವಾರಕ್ಕೊಮ್ಮೆ ಹೋಗುವಲ್ಲಿ ಎರಡು ಸಲ ಹೋಗಿದ್ದೆ. ಅದೆಷ್ಟು, ಆ ವಾಕ್ಯದ್ದೆಷ್ಟು ಎಂದು ಬೇರೆ ಮಾಡಲು ಕೂತರೆ ಬರಲಿಲ್ಲ. ಊರನ್ನೆಲ್ಲ ಅನುಮಾನಿಸುವ ನಾನು ನನ್ನ ರ್‍ಯಾಂಕಿನ ಹಾಳೆಯನ್ನು ಮಾತ್ರ ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಅವತ್ತು ನೋಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಹಾಳೆಯನ್ನು ಫೈಲಿನಲ್ಲೇ ಬಿಟ್ಟೆ. ಅದನ್ನು ತೆಗೆದರೆ ಉಳಿಯುವುದು ಪಾಸ್‌ಪೋರ್ಟ್ ಅರ್ಜಿಯೇ.

ಇಂಟರ್‌ವ್ಯೂ ದಿನ ಅವರು ತಿದ್ದಿದ ಫೈಲನ್ನೇ ಒಯ್ದೆ. ಎದುರಿಗೆ ಕೂತ ಮ್ಯಾನೇಜರ್ ಐವತ್ತು ದಾಟಿದ ಅಮೆರಿಕನ್ ಹೆಂಗಸು. ಪುಟ ತಿರುಗಿಸುವ ಕೈಯಲ್ಲೇ ಗೊತ್ತಾಯಿತು, ಇವಳೂ ನನ್ನ ಜಾತಿಯವಳು, ಯಾವುದನ್ನೂ ನಂಬುವವಳಲ್ಲ. ಪ್ಲಾಸ್ಟಿಕ್ ಹಾಳೆಯೊಳಗಿನ ಕಾಗದದ ಹಿಂಬದಿಯನ್ನೂ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ, ನಾನು ಡಾಕ್ಟರು ಎಂದುಕೋ, ಈ ನಿಮ್ಮ ಮಾತ್ರೆ ಲೇಬಲ್ಲಿನಲ್ಲಿ ಇಲ್ಲದ ಕಾಯಿಲೆಗೂ ಕೆಲಸ ಮಾಡುತ್ತದೆಯೇ ಎಂದು ಕೇಳಿದಳು. ನಾನು ಒಂದು ಉಸಿರೂ ತಡವರಿಸದೆ ಸರಿಯಾದ ಉತ್ತರ ಹೇಳಿದೆ. ಅದು ನಾನು ಮಾತಾಡುವ ವಿಷಯವಲ್ಲ, ನಿಮ್ಮ ಪ್ರಶ್ನೆಯನ್ನು ಕಳಿಸುತ್ತೇನೆ, ಅವರೇ ಉತ್ತರಿಸುತ್ತಾರೆ. ಅವಳು ಒತ್ತಾಯ ಮಾಡಿದಳು, ಬೇರೆ ಡಾಕ್ಟರುಗಳು ಏನು ಮಾಡುತ್ತಿದ್ದಾರೆ, ಅಷ್ಟಾದರೂ ಹೇಳಬಾರದೇ ಎಂದಳು. ಅದನ್ನೂ ಹೇಳುವಂತಿಲ್ಲ ಎಂದೆ.

ಆಮೇಲೆ ಅವಳ ಬೆರಳು ರ್‍ಯಾಂಕಿನ ಹಾಳೆಯ ಮೇಲೆ ನಿಂತಿತು. ಹತ್ತೊಂಬತ್ತರಿಂದ ಮೂರು. ಇದು ಹೇಗಾಯಿತು?

ನಿಜ ಹೇಳಲು ಅಲ್ಲೊಂದು ಅವಕಾಶವಿತ್ತು. ಮನೆಯಲ್ಲಿ ಇವರು ಬಾಗಿಲ ಹತ್ತಿರ ಫೋನ್ ನೋಡುತ್ತ ನಿಲ್ಲುವುದು ಕಣ್ಣ ಮುಂದೆ ಬಂತು. ಹೊಸ ಕ್ಲಿನಿಕ್ಕುಗಳು, ಎರಡು ಪಟ್ಟು ಭೇಟಿಗಳು ಎಂದೆ. ಊರುಗಳ ಹೆಸರು ಹೇಳಿದೆ, ಡಾಕ್ಟರುಗಳ ಹೆಸರು ಹೇಳಲಿಲ್ಲ. ಹೇಳಿದ್ದೆಲ್ಲ ನಿಜ. ಅವಳು ಬರೆದುಕೊಂಡಳು. ರೆಫರೆನ್ಸಿಗೆ ಉಡುಪಿಯವರ ಹೆಸರು ಬರೆದುಕೊಟ್ಟೆ, ಬೇರೆ ಗತಿ ಇರಲಿಲ್ಲ. ಹೊರಗೆ ಬರುವಾಗ ನನಗಿದ್ದ ಚಿಂತೆ ಒಂದೇ: ಆ ಮನುಷ್ಯ ಫೋನಿನಲ್ಲಿ ನನ್ನ ಬಗ್ಗೆ ಏನು ಹಚ್ಚಿಕೊಡುತ್ತಾರೋ! ಸೊಸೆ ಸಾಲಿನಲ್ಲಿರುವಾಗ ಯಾವ ಮಾವ ಪಕ್ಕದವಳ ಬಗ್ಗೆ ಒಳ್ಳೆಯ ಮಾತಾಡುತ್ತಾನೆ?

ಐದು ದಿನ ಫೋನು ಬರಲಿಲ್ಲ. ಮುಗಿಯಿತು, ಕತ್ತರಿ ಹಾಕಿದರು ಎಂದುಕೊಂಡೆ. ಮನಸ್ಸಿನಲ್ಲೇ ಅವರಿಗೆ ಬೈದದ್ದಕ್ಕೆ ಲೆಕ್ಕವಿಲ್ಲ. ಆರನೆಯ ದಿನ ಕೆಲಸ ನಿನ್ನದು ಎಂದು ಕರೆ ಬಂತು. ಕಾಗದ ಬಂದ ಕೂಡಲೇ ಸಹಿ ಹಾಕಿ ಕಳಿಸಿದೆ. ಇವರು ನನ್ನ ತಲೆ ಮೇಲೆ ಕೈಯಿಟ್ಟು, "ಏನಮ್ಮಾ ಸಿ.ಐ.ಡಿ., ಈಗ ಯಾರ ಮೇಲೆ ಅನುಮಾನ?" ಎಂದರು. ನಾನು ಅತ್ತೆ. ಖುಷಿಗೇ ಅತ್ತೆ.

ಮರುದಿನ ಬೆಳಿಗ್ಗೆ ಉಡುಪಿಯವರಿಗೆ ಫೋನ್ ಮಾಡಿದೆ.

"ಸಿಕ್ಕಿತಾ? ಒಳ್ಳೇದಾಯ್ತು ಮಾರಾಯ್ರೆ! ಆ ಹೆಂಗಸು ನನ್ನನ್ನು ಅರ್ಧ ಗಂಟೆ ಅರೆದು ಹಾಕಿದ್ಳು. ನಿಮ್ಮ ರ್‍ಯಾಂಕು ಹಾರಿದ್ದು ಹೇಗೆ, ಅದರಲ್ಲಿ ಎಂತಾದ್ರೂ ಉಂಟಾ ಅಂತ."

"ನೀವು ಏನಂದ್ರಿ ಸರ್?"

"ಒಂದು ದಿನ ಅವರ ಕಾರಲ್ಲಿ ಕೂತು ನೋಡಿದ್ದೇನೆ, ಒಂದೂ ತಪ್ಪು ಮಾತು ಕೇಳ್ಲಿಲ್ಲ ಅಂದೆ. ಅವಳಿಗೆ ಸಾಕಾಗ್ಲಿಲ್ಲ. ಆಮೇಲೆ ಡಾಕ್ಟರ ಹೆಸರು ಹೇಳದೆ ಆ ವಿಷಯ ಹೇಳಿದೆ. ಲೇಬಲ್ಲಿನಾಚೆ ಡಾಕ್ಟರೇ ಕೇಳಿದ್ದಾರೆ, ಇವರು ಬಾಯಿ ಬಿಡ್ಲಿಲ್ಲ, ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೊಂಡಿದ್ದೇನೆ, ಅದಕ್ಕೆ ನಾನು ಜವಾಬ್ದಾರಿ ಅಂದೆ. ಆಗ ಒಪ್ಪಿದ್ಳು."

ನನ್ನ ಸುಳ್ಳಿಗೆ ಅವರು ಜಾಮೀನು ನಿಂತಿದ್ದರು. ನನ್ನ ಬಾಯಿಂದ ಬಂದ ಪ್ರಶ್ನೆ ಮಾತ್ರ ಹಳೆಯದೇ: "ಮತ್ತೆ ನಿಮ್ಮ ಸೊಸೆಯೂ ಅದಕ್ಕೇ ಹೋಗಿದ್ರಲ್ವಾ ಸರ್?"

"ಹೋಗಿದ್ಳು. ಸ್ವಂತ ಸೊಸೆ ಬಗ್ಗೆ ನಾನು ಹೇಳುವ ಹಾಗಿಲ್ಲ ಅಂತ ಆ ಹೆಂಗಸಿಗೆ ಮೊದಲೇ ಹೇಳಿದ್ದೆ. ಅವಳ ಫೈಲಿಗೂ ನಿಮ್ಮಷ್ಟೇ ಕೆಂಪು ಗೆರೆ ಬಿದ್ದಿತ್ತು, ಮೂರು ದಿನ ನನ್ನ ಹತ್ರ ಮಾತಾಡಿರ್ಲಿಲ್ಲ." ಅವರು ನಕ್ಕರು. "ತಡೀರಿ, ಇಲ್ಲೇ ಇದ್ದಾಳೆ. ನಿಮ್ಮ ಹತ್ರ ಮಾತಾಡ್ಬೇಕಂತೆ."

ನಾನು ಬೇಡ ಎನ್ನುವಷ್ಟರಲ್ಲಿ ಫೋನು ಕೈ ಬದಲಾಯಿತು.

"ಅಕ್ಕಾ, ಕಂಗ್ರಾಟ್ಸ್! ಸ್ವಲ್ಪ ಬೇಜಾರಾಯ್ತು, ಸುಳ್ಳು ಹೇಳುದಿಲ್ಲ. ಆದ್ರೆ ನಿಮಗೇ ಸಿಕ್ಕಿದ್ದು ಸಮಾಧಾನ. ಒಂದು ಕೇಳ್ಲಾ? ನನಗೂ ಅವಳು ಆ ಲೇಬಲ್ಲಿನಾಚೆ ಪ್ರಶ್ನೆ ಹಾಕಿದ್ಳು, ನಾನು ತಡವರಿಸಿ ಹಾಳು ಮಾಡ್ಕೊಂಡೆ. ನಿಮಗೆ ಡಾಕ್ಟರು ನಿಜವಾಗ್ಲೂ ಕೇಳಿದ್ರಂತಲ್ಲ, ಮಾವ ಹೇಳಿದ್ರು. ಆಗ ನೀವು ಎಂತ ಹೇಳಿ ತಪ್ಪಿಸ್ಕೊಂಡ್ರಿ?"

ಆ ಕಡೆ ಮಾವನವರೂ ಕೇಳುತ್ತಿರುವುದು ನನಗೆ ಗೊತ್ತಿತ್ತು. ಇಲ್ಲ, ನಾನು ತಪ್ಪಿಸಿಕೊಳ್ಳಲಿಲ್ಲ, ಹೇಳಿಬಿಟ್ಟೆ ಎನ್ನಲು ಒಂದೇ ವಾಕ್ಯ ಸಾಕಾಗಿತ್ತು. ಅದನ್ನು ಹೇಳಿದರೆ ಆ ಮನುಷ್ಯ ಅವತ್ತೇ ಆ ಹೆಂಗಸಿಗೆ ಫೋನ್ ಮಾಡುತ್ತಾರೆ, ಮೊಸರನ್ನ ಬೇಡ ಎಂದವರು ಇದನ್ನು ಬಿಡುವವರಲ್ಲ. ಪಕ್ಕದ ಕೋಣೆಯಲ್ಲಿ ಇವರು ಡಾಕ್ಟರ ಆಫೀಸಿಗೆ ಫೋನ್ ಮಾಡಿ, ಹೊಸ ಇನ್ಶೂರೆನ್ಸ್ ಬರುತ್ತಿದೆ, ಮುಂದಿನ ತಿಂಗಳಿಗೆ ಚೆಕಪ್ಪಿಗೆ ದಿನ ಕೊಡಿ ಎನ್ನುತ್ತಿದ್ದರು.

"ಡಾಕ್ಟರೇ, ಅದು ನಾನು ಮಾತಾಡೋ ವಿಷಯ ಅಲ್ಲ ಅಂದೆ" ಎಂದೆ. "ನಿಮ್ಮ ಪ್ರಶ್ನೆನ ನಮ್ಮ ಮೆಡಿಕಲ್ ವಿಭಾಗಕ್ಕೆ ಕಳಿಸ್ತೀನಿ, ಅವರೇ ನಿಮಗೆ ಉತ್ತರ ಕೊಡ್ತಾರೆ ಅಂದೆ. ಬ್ಯಾಗಿಂದ ಅರ್ಜಿ ತೆಗೆದು ಅವರ ಮುಂದೆ ಇಟ್ಟೆ."

"ಒಂದ್ನಿಮಿಷ ಅಕ್ಕಾ, ಪೆನ್ನು ತಗೊಳ್ತೇನೆ. ಇನ್ನೊಂದ್ಸಲ ನಿಧಾನ ಹೇಳಿ, ಬರ್ಕೊಳ್ತೇನೆ."

ನಾನು ಇನ್ನೊಂದು ಸಲ, ನಿಧಾನವಾಗಿ, ಅವಳು ಬರೆದುಕೊಳ್ಳುವಂತೆ ಬಿಡಿಸಿ ಬಿಡಿಸಿ ಹೇಳಿದೆ.